ಆಟಕ್ಕೆ ಬೇರೆ ಶೂ ಬೇಕೇ?

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು. ಜೂನ್‌ನಲ್ಲಿ ಶಾಲೆಯಲ್ಲಿ ಕೊಟ್ಟ ಕಪ್ಪು ಶೂ ಹಾಕ್ತಾನೆ. ಈಗ ಡಿಸೆಂಬರ್, ವಾರದಲ್ಲಿ ನಾಲ್ಕು ದಿನ ಖೊಖೊ ಆಡ್ತಾನೆ. ಆಟಕ್ಕೆ ಬೇರೆ ಶೂ ಕೊಡಿಸಬೇಕಾ? ಇರೋದು ಬಿಗಿ ಆಗೈತಾ ಅಂದ್ರೆ 'ಸರಿ ಐತಿ' ಅಂತಾನೆ. ಅಳೆದಾಗ ಎಡಗಾಲು 20.1, ಬಲಗಾಲು 20.5 ಸೆಂ.ಮೀ. ಇತ್ತು.
– ಒಬ್ಬ ತಾಯಿ, ಉಕ್ಕಡಗಾತ್ರಿ

ಉತ್ತರ: ಮೊದಲು ಇರುವ ಶೂ ನೋಡೋಣ. ಮಕ್ಕಳ 'ಸರಿ ಐತಿ'ಯನ್ನು ನಂಬಬೇಡಿ. ಬೆಳೆಯುವ ಪಾದ ಮೆತ್ತಗಿರುತ್ತದೆ, ಇಕ್ಕಟ್ಟಿಗೂ ಒಗ್ಗಿಕೊಳ್ಳುತ್ತದೆ. ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದೂ ಸಾಲದು. ಒತ್ತಿದ ಕೂಡಲೇ ಮಗು ಬೆರಳು ಮಡಚಿಬಿಡುತ್ತದೆ, ಜಾಗ ಇದ್ದಂತೆ ಕಾಣುತ್ತದೆ.

ಶೂ ಒಳಗಿನ ಮೆತ್ತೆಯನ್ನು ಹೊರಗೆ ತೆಗೆಯಿರಿ. ಸಂಜೆ ಹೊತ್ತಿನಲ್ಲಿ, ಕಾಲುಚೀಲ ಹಾಕಿಸಿ, ಹಿಮ್ಮಡಿ ಸರಿಯಾಗಿ ಕೂರುವಂತೆ ಅದರ ಮೇಲೆ ನಿಲ್ಲಿಸಿ. ಕೂತಾಗಿನ ಅಳತೆ ಬೇಡ. ಮೈಭಾರ ಬಿದ್ದಾಗಲೇ ಪಾದ ಪೂರ್ತಿ ಚಾಚುತ್ತದೆ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಎಷ್ಟು ಉಳಿಯಿತು ನೋಡಿ. ಕೆಲವರಿಗೆ ಎರಡನೇ ಬೆರಳೇ ಉದ್ದ. ಹೊಸ ಶೂ ಆದರೆ ಸುಮಾರು 12 ಮಿ.ಮೀ. ಇರಬೇಕು. 5–6ಕ್ಕೆ ಇಳಿದರೆ ಬದಲಿಸುವ ಹೊತ್ತು. ಮೆತ್ತೆ ಅಂಟಿಸಿದ್ದರೆ, ಪಾದದ ಉದ್ದಕ್ಕೆ 6 ಮಿ.ಮೀ. ಸೇರಿಸಿ ರಟ್ಟಿನ ಪಟ್ಟಿ ಕತ್ತರಿಸಿ ಒಳಗಿಡಿ; ಅದು ಬಾಗಿದರೆ ಶೂ ಚಿಕ್ಕದು.

ದೊಡ್ಡ ಪಾದದ ಲೆಕ್ಕವೇ ಲೆಕ್ಕ. ನಿಮ್ಮ ಮಗನಿಗೆ ಅದು ಬಲಗಾಲು, 20.5. ಮೆತ್ತೆ 21 ಸೆಂ.ಮೀ. ಇದ್ದರೆ ಉಳಿದದ್ದು 5 ಮಿ.ಮೀ. ಮಾತ್ರ. ಈ ವಯಸ್ಸಿನಲ್ಲಿ ಪಾದ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂ.ಮೀ. ಬೆಳೆಯುತ್ತದೆ. ಅಂದರೆ ಜೂನ್‌ನಲ್ಲಿ ಸರಿಯಿದ್ದ ಶೂ ಈಗ ಮುಗಿದಂತೆಯೇ. 2015–16ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ವರ್ಷಕ್ಕೆ ಸಿಗುವುದು ಒಂದೇ ಜೊತೆ. ಹಾಗಾಗಿ ಶಾಲೆಯಲ್ಲಿ ಅಳತೆ ಕೊಡುವಾಗ ನಿಂತು ಅಳೆದ ದೊಡ್ಡ ಪಾದದ ಉದ್ದವನ್ನೇ ಬರೆಸಿ. ಮೂರು ತಿಂಗಳಿಗೊಮ್ಮೆ ಅಳೆದು ಗೋಡೆ ಕ್ಯಾಲೆಂಡರಿನಲ್ಲಿ ಗುರುತಿಟ್ಟರೆ ಸಾಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡದು ಕೊಡಿಸಬೇಡಿ. ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ, ಓಡುವಾಗ ಪಾದ ಮುಂದಕ್ಕೆ ನುಗ್ಗಿ ಬೆರಳು ತಾಗುತ್ತದೆ.

ಇನ್ನು ಆಟದ ಶೂ. ವಾರಕ್ಕೊಂದು ಆಟದ ಪೀರಿಯಡ್ಡಿಗೆ ಬೇರೆ ಜೊತೆ ಬೇಡ. ನಾಲ್ಕು ದಿನ ಖೊಖೊ ಅಂದರೆ ಮಾತೇ ಬೇರೆ: ಕಂಬ ಹಿಡಿದು ತಿರುಗುವಾಗ, ಥಟ್ಟನೆ ನಿಲ್ಲುವಾಗ ಯೂನಿಫಾರ್ಮ್ ಶೂವಿನ ಗಟ್ಟಿ, ನುಣುಪು ಅಟ್ಟೆ ಒಣ ಮಣ್ಣಿನ ಮೇಲೆ ಜಾರುತ್ತದೆ. ಬೆವರಿಗೆ ನೆಂದ ಶೂ ಮರುದಿನ ಬೆಳಿಗ್ಗೆ ಒಣಗಿರುವುದೂ ಇಲ್ಲ. ಹೇಗೂ ಬದಲಿಸಬೇಕಾದ್ದರಿಂದ ಮೊದಲು ಹೆಡ್‌ಮಾಸ್ಟರರನ್ನು ಕೇಳಿ. ಲೇಸಿನ ಕಪ್ಪು ಸ್ಪೋರ್ಟ್ಸ್ ಶೂ ತರಗತಿಗೂ ನಡೆಯುತ್ತದೆ ಎಂದರೆ ಒಂದೇ ಜೊತೆ ಸಾಕು. ಸಂಜೆ ಮೆತ್ತೆ ತೆಗೆದು ಗಾಳಿಗಿಡಿ. ಹರಿಹರಕ್ಕೋ ದಾವಣಗೆರೆಗೋ ಹೋಗುವಾಗ ಮಗನನ್ನೇ ಕರೆದೊಯ್ಯಿರಿ. ಒಂದೊಂದು ಕಂಪನಿಯ ನಂಬರು ಒಂದೊಂದು ಅಳತೆ. ಅಂಗಡಿಯಲ್ಲೇ ಮೆತ್ತೆ ತೆಗೆಸಿ, ಬಲಗಾಲನ್ನು ಅದರ ಮೇಲೆ ನಿಲ್ಲಿಸಿ ನೋಡಿ.

ಒಂದೇ ಜೊತೆ ನಡೆಯುವುದಿಲ್ಲ ಎಂದರೆ ಮೊದಲು ಶಾಲೆಯ ಶೂ ಕೊಡಿಸಿ. ಕಲ್ಲು, ಜಾಲಿಮುಳ್ಳು ಇಲ್ಲದ ಅಂಕಣದಲ್ಲಿ ಖೊಖೊವನ್ನು ಬರಿಗಾಲಲ್ಲೂ ಆಡಬಹುದು. ಬಿಗಿ ಶೂ ಹಾಕಿಕೊಂಡು ಆಡುವುದಕ್ಕಿಂತ ಅದು ವಾಸಿ.