ಕಾಟಾದ ಮೇಲೆ ನೀರಿನ ಲೆಕ್ಕ: ಭತ್ತದ ತೇವಾಂಶ ಕಡಿತದ ತಕರಾರು

ಭತ್ತದ ತೂಕವೆಂದರೆ ಕಾಳಿನ ಒಣ ಪದಾರ್ಥ ಮತ್ತು ಅದರೊಳಗಿನ ನೀರು ಇವೆರಡರ ಮೊತ್ತ. ನೂರು ಕಿಲೋ ಭತ್ತದಲ್ಲಿ 21 ಕಿಲೋ ನೀರಿದ್ದರೆ ಅದರ ತೇವಾಂಶ ಶೇ. 21 ಎಂದೂ ಉಳಿದ 79 ಕಿಲೋ ಒಣ ಪದಾರ್ಥವೆಂದೂ ಅರ್ಥ. ಕಾಳು ಒಣಗುವಾಗ ಕಡಿಮೆಯಾಗುವುದು ನೀರು ಮಾತ್ರ, ಒಣ ಪದಾರ್ಥವಲ್ಲ. ಕೊಳ್ಳುವವನು ನೀರಿಗೆ ಹಣ ಕೊಡಲಾರನೆಂಬುದು ನ್ಯಾಯವೇ ಆದರೂ, ಎಷ್ಟು ನೀರು ಭತ್ತದ ಸಹಜ ಭಾಗ, ಎಷ್ಟು ನೀರು ಹೆಚ್ಚುವರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಕಾಟಾದ ಮುಂದೆ ನಡೆಯುವ ತಕರಾರಿಗೆ ತಳವೇ ಇರುವುದಿಲ್ಲ.

ಕಂಪ್ಲಿ ಭಾಗದಲ್ಲಿ ಈ ತಕರಾರು ಮತ್ತೆ ಮತ್ತೆ ಏಳುವುದಕ್ಕೆ ಬೆಳೆಯ ಸ್ವಭಾವವೇ ಮುಖ್ಯ ಕಾರಣ. ತುಂಗಭದ್ರೆಯ ಬಲದಂಡೆಯ ಈ ನೆಲಕ್ಕೆ ವಿಜಯನಗರ ಕಾಲದ ಕಾಲುವೆಗಳೂ ಜಲಾಶಯದ ಕಾಲುವೆಗಳೂ ನೀರುಣಿಸುತ್ತವೆ. ಬಾಳೆ, ಕಬ್ಬು, ಭತ್ತ ಒಂದರ ಪಕ್ಕ ಒಂದಿರುವ ಕಡೆ ಕಟಾವಿನ ಹೊತ್ತಿಗೂ ಗದ್ದೆಯ ತೇವ ಪೂರ್ತಿ ಆರಿರುವುದಿಲ್ಲ. ಇದಲ್ಲದೆ, ಭತ್ತವನ್ನು ಶೇ. 20ರಿಂದ 25ರಷ್ಟು ತೇವಾಂಶವಿರುವಾಗಲೇ ಕೊಯ್ಯಬೇಕೆಂಬುದು ಕೃಷಿ ವಿಜ್ಞಾನದ ಸಲಹೆಯೂ ಹೌದು, ಏಕೆಂದರೆ ಪೈರಿನಲ್ಲೇ ತೀರಾ ಒಣಗಲು ಬಿಟ್ಟ ಕಾಳು ಉದುರುತ್ತದೆ, ಒಳಗೆ ಬಿರುಕು ಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ. ಹಿಂದೆ ಕೊಯ್ದ ಪೈರು ಗದ್ದೆಯಲ್ಲೂ ಮೆದೆಯಲ್ಲೂ ಕೆಲವು ದಿನ ಆರುತ್ತಿತ್ತು; ಕಟಾವು ಯಂತ್ರ ಬಂದ ಮೇಲೆ ಆ ಕಾಳು ಅದೇ ದಿನ ಟ್ರ್ಯಾಕ್ಟರ್ ಟ್ರಾಲಿಗೆ ಬೀಳುತ್ತದೆ. ಹೀಗಾಗಿ ಹಸಿ ಭತ್ತವನ್ನು ರೈತನ ಅಜಾಗರೂಕತೆಯೆಂದು ಕಾಣುವುದು ತಪ್ಪು. ಅದು ಸರಿಯಾದ ಸಮಯದಲ್ಲಿ ಕೊಯ್ದ ಭತ್ತ, ಇನ್ನೂ ಒಣಗಿಲ್ಲ ಅಷ್ಟೆ.

ಲೆಕ್ಕಕ್ಕೆ ಮೊದಲು ಬೇಕಾದದ್ದು ಆಧಾರ ತೇವಾಂಶ, ಅಂದರೆ ಯಾವ ಮಟ್ಟದವರೆಗೆ ಯಾವ ಕಡಿತವೂ ಇಲ್ಲವೆಂದು ಒಪ್ಪಿಕೊಂಡ ಪ್ರಮಾಣ. ಕೇಂದ್ರ ಸರ್ಕಾರದ ಕನಿಷ್ಠ ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತಕ್ಕೆ ಇದು ಶೇ. 17, 2025-26ರ ಸಾಲಿಗೆ ಕ್ವಿಂಟಲ್‌ಗೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ ಮತ್ತು ಎ ದರ್ಜೆಗೆ 2,389 ರೂಪಾಯಿ ಎಂದು ಘೋಷಿಸಿರುವುದು ಈ ಮಟ್ಟದ ಭತ್ತಕ್ಕೇ. ಅಕ್ಕಿಗೆ ಮಾತ್ರ ಮಿತಿ ಶೇ. 14. ಗಿರಣಿಯವರು ಶೇ. 14ನ್ನೇ ಭತ್ತಕ್ಕೂ ಆಧಾರವಾಗಿ ಹಿಡಿಯುವುದುಂಟು, ಏಕೆಂದರೆ ಅವರು ಕೊನೆಗೆ ಮಾರಬೇಕಾದದ್ದು ಆ ಒಣಗಿನ ಅಕ್ಕಿಯನ್ನು. ಖಾಸಗಿ ವ್ಯಾಪಾರದಲ್ಲಿ ಎರಡೂ ನಡೆಯಬಹುದು. ತೊಂದರೆಯೆಂದರೆ 75 ಕಿಲೋ ಚೀಲಕ್ಕೆ ಇಷ್ಟು ರೂಪಾಯಿ ಎಂದು ದರ ಕೂಗುವಾಗ ಆಧಾರ ಯಾವುದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಹೊರಗೆ ಬರುವುದು ಚೀಲ ಕಾಟಾಕ್ಕೆ ಏರಿದ ಮೇಲೆ.

ಈಗ ಒಂದು ಮಾದರಿ ಪ್ರಕರಣವನ್ನು ಅಂಕಿಗಳೊಂದಿಗೆ ನೋಡಬಹುದು. ಕಂಪ್ಲಿ ಸೀಮೆಯ ಒಬ್ಬ ರೈತ 60 ಚೀಲ, ಅಂದರೆ ಖಾಲಿ ಚೀಲಗಳ ತೂಕ ಕಳೆದು 4,500 ಕಿಲೋ ಭತ್ತ ತಂದಿದ್ದಾನೆ, ದರ ಚೀಲಕ್ಕೆ 1,800 ರೂಪಾಯಿ, ಅಂದರೆ ಕಿಲೋಗೆ 24 ರೂಪಾಯಿ ಎಂದು ಕುದುರಿದೆ ಎಂದಿಟ್ಟುಕೊಳ್ಳಬೇಕು. ತೇವಾಂಶ ಮಾಪಕ 21 ತೋರಿಸುತ್ತದೆ. ಕೊಳ್ಳುವವನ ಕಡೆಯ ಗುಮಾಸ್ತ ಚೀಲಕ್ಕೆ 6 ಕಿಲೋ ಸೂಟು ಎನ್ನುತ್ತಾನೆ; ಸೂಟು ಎಂದರೆ ತೂಕದಲ್ಲಿ ಹಿಡಿದುಕೊಳ್ಳುವ ಕಡಿತ. ರೈತ ಒಪ್ಪುವುದಿಲ್ಲ: ಹದಿನೇಳಕ್ಕಿಂತ ನಾಲ್ಕು ಪಾಯಿಂಟ್ ಹೆಚ್ಚಿದೆ, ಹಾಗಾಗಿ ನೂರಕ್ಕೆ ನಾಲ್ಕರಂತೆ ಚೀಲಕ್ಕೆ 3 ಕಿಲೋ ಮಾತ್ರ ಕಳೆಯಬೇಕೆಂಬುದು ಅವನ ವಾದ. ಒಬ್ಬನ ಲೆಕ್ಕದಲ್ಲಿ ಒಟ್ಟು ಕಡಿತ 360 ಕಿಲೋ, ಇನ್ನೊಬ್ಬನ ಲೆಕ್ಕದಲ್ಲಿ 180 ಕಿಲೋ.

ಶೇ. 17ನ್ನು ಆಧಾರವೆಂದು ಒಪ್ಪಿದರೆ ಇಬ್ಬರ ಲೆಕ್ಕವೂ ತಪ್ಪು. ನೂರು ಕಿಲೋದಲ್ಲಿದ್ದ 79 ಕಿಲೋ ಒಣ ಪದಾರ್ಥ ಒಣಗಿದ ಮೇಲೂ 79 ಕಿಲೋ ಆಗಿಯೇ ಉಳಿಯುತ್ತದೆ, ಆದರೆ ಈಗ ಅದು ಹೊಸ ತೂಕದ ಶೇ. 83 ಆಗಿರಬೇಕು, 79ನ್ನು 0.83ರಿಂದ ಭಾಗಿಸಿದರೆ 95.18 ಕಿಲೋ ಬರುತ್ತದೆ. ಅಂದರೆ ನಾಲ್ಕು ಪಾಯಿಂಟ್ ಇಳಿಸಲು ನಾಲ್ಕು ಕಿಲೋ ಅಲ್ಲ, 4.82 ಕಿಲೋ ನೀರು ಹೋಗಬೇಕು. ಇದನ್ನೇ ಸೂತ್ರವಾಗಿ ಬರೆದರೆ ಹೀಗಾಗುತ್ತದೆ:

ಕಡಿತ (ಶೇ.) = (ಮಾಪಕದ ತೇವಾಂಶ − ಆಧಾರ ತೇವಾಂಶ) × 100 ÷ (100 − ಆಧಾರ ತೇವಾಂಶ)

ಇದರಂತೆ ನ್ಯಾಯವಾದ ಕಡಿತ ಚೀಲಕ್ಕೆ ಸುಮಾರು 3.6 ಕಿಲೋ, ಇಡೀ ಲೋಡಿಗೆ 217 ಕಿಲೋ. ರೈತನ ವಾದ 37 ಕಿಲೋ ಕಡಿಮೆ ಹೇಳುತ್ತದೆ, ಗುಮಾಸ್ತನ ಮಾತು 143 ಕಿಲೋ ಹೆಚ್ಚು ಹೇಳುತ್ತದೆ. ಆ 143 ಕಿಲೋದ ಬೆಲೆ 3,432 ರೂಪಾಯಿ. ಆದರೆ ಗುಮಾಸ್ತನ 6 ಕಿಲೋ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದೇ ಸೂತ್ರದಲ್ಲಿ ಆಧಾರವನ್ನು 14 ಎಂದಿಟ್ಟರೆ ಕಡಿತ ಶೇ. 8.14, ಚೀಲಕ್ಕೆ ಸುಮಾರು 6.1 ಕಿಲೋ. ಅಂದರೆ ಇಬ್ಬರೂ ಜಗಳವಾಡುತ್ತಿರುವುದು ಕಡಿತದ ಬಗ್ಗೆ ಎಂದು ಕಂಡರೂ ವಾಸ್ತವವಾಗಿ ಆಧಾರದ ಬಗ್ಗೆ. ಇಲ್ಲಿ ರೈತ ಕೇಳಬೇಕಾದ ಪ್ರಶ್ನೆ ಇಷ್ಟು ಏಕೆ ಎಂಬುದಲ್ಲ, ಈ 1,800 ರೂಪಾಯಿ ಎಷ್ಟು ತೇವಾಂಶದ ಭತ್ತದ ದರ ಎಂಬುದು. ಶೇ. 14ರ ಭತ್ತದ ದರವೆಂದು ಉತ್ತರ ಬಂದರೆ, ಅಷ್ಟು ಒಣಗಿದ ಭತ್ತಕ್ಕೆ ಅಂದಿನ ದರ ಹದಿನೇಳರ ಭತ್ತಕ್ಕಿಂತ ಹೆಚ್ಚಿರಬೇಕು. ಹೆಚ್ಚಿಲ್ಲದಿದ್ದರೆ ಆಧಾರವನ್ನು ಕಡಿತಕ್ಕೆ ಮಾತ್ರ ಬದಲಾಯಿಸಿದಂತಾಯಿತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವೂ ಇದೆ. ಟೆಂಡರಿಗೆ ಮೊದಲು ಖರೀದಿದಾರರು ರಾಶಿಗೆ ಕೈಹಾಕಿ, ಕಾಳು ಹಿಸುಕಿ, ಹಲ್ಲಿನಲ್ಲಿ ಕಡಿದು ನೋಡಿಯೇ ದರ ಬರೆದಿದ್ದರೆ, ಆ ಕಾಳಿನ ಹಸಿತನ ದರದೊಳಗೆ ಆಗಲೇ ಸೇರಿಹೋಗಿದೆ. ಪಕ್ಕದ ಒಣ ರಾಶಿಗಿಂತ ಕಡಿಮೆ ದರಕ್ಕೆ ಹೋದ ಹಸಿ ರಾಶಿಯ ತೂಕದಲ್ಲೂ ಕಡಿತ ಹಿಡಿದರೆ ಒಂದೇ ನೀರಿಗೆ ಎರಡು ಬಾರಿ ಹಣ ಕಳೆದಂತಾಗುತ್ತದೆ. ದರ ಇಳಿಸಬಹುದು ಇಲ್ಲವೇ ತೂಕ ಇಳಿಸಬಹುದು, ಎರಡನ್ನೂ ಅಲ್ಲ. ಗಿರಣಿಯವನು ಒಣಗಿಸುವ ಖರ್ಚನ್ನು ಕೇಳುವುದು ಬೇರೆ ವಿಷಯ. ಅದು ಕೂಲಿ ಅಥವಾ ಇಂಧನದ ವೆಚ್ಚವಾದ್ದರಿಂದ ಚೀಲಕ್ಕೆ ಇಷ್ಟು ರೂಪಾಯಿ ಎಂದು ಬೇರೆ ಸಾಲಿನಲ್ಲಿ ಬರೆಯಬೇಕೇ ಹೊರತು ತೇವಾಂಶದ ಕಿಲೋಗಳಲ್ಲಿ ಬೆರೆಸಬಾರದು.

ಲೆಕ್ಕ ಸರಿಯಾದರೂ ಮಾಪಕ ತಪ್ಪಿದರೆ ಫಲವಿಲ್ಲ. ಮೇಲಿನ ಲೋಡಿನಲ್ಲಿ ಒಂದೊಂದು ಪಾಯಿಂಟಿಗೆ 54 ಕಿಲೋ, ಅಂದರೆ ಸುಮಾರು 1,300 ರೂಪಾಯಿ ಏರುಪೇರಾಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮಾಪಕಗಳಲ್ಲಿ ಅರ್ಧದಿಂದ ಒಂದು ಪಾಯಿಂಟಿನ ವ್ಯತ್ಯಾಸ ಅಪರೂಪವಲ್ಲ. ಈ ಯಂತ್ರಗಳು ನೀರನ್ನು ನೇರವಾಗಿ ತೂಗುವುದಿಲ್ಲ, ಕಾಳಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ತೇವಾಂಶವನ್ನು ಅಂದಾಜಿಸುತ್ತವೆ. ಆದ್ದರಿಂದ ಯಂತ್ರದಲ್ಲಿ ಮೆಕ್ಕೆಜೋಳ ಅಥವಾ ಅಕ್ಕಿಯ ಆಯ್ಕೆ ಉಳಿದಿದ್ದು ಅದಕ್ಕೆ ಭತ್ತ ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. ಬ್ಯಾಟರಿ ಸೋತಾಗಲೂ, ಬಿಸಿಲಿನಲ್ಲಿ ಕಾದ ಕಾಳನ್ನು ಹಾಗೆಯೇ ಹಾಕಿದಾಗಲೂ ಓದು ಜಾರುತ್ತದೆ. ಮಳೆಹನಿ ಅಥವಾ ಇಬ್ಬನಿ ಹೊರಸಿಪ್ಪೆಗೆ ಹತ್ತಿದ್ದರೆ ಮಾಪಕ ನಿಜಕ್ಕಿಂತ ಹೆಚ್ಚು ತೋರಿಸಬಹುದು. ಇದಕ್ಕೆ ಉಲ್ಟಾ, ಬೆಳಗ್ಗೆಯಷ್ಟೇ ಬಿಸಿಲಿಗೆ ಹರವಿ ಮಧ್ಯಾಹ್ನ ತುಂಬಿದ ಭತ್ತದಲ್ಲಿ ಸಿಪ್ಪೆ ಒಣಗಿ ಒಳಗಿನ ಅಕ್ಕಿ ಹಸಿಯಾಗಿಯೇ ಇರುವುದರಿಂದ ಓದು ಕಡಿಮೆ ಬಂದು, ರಾತ್ರಿ ಕಳೆದ ಮೇಲೆ ಮತ್ತೆ ಏರುತ್ತದೆ. ಮನೆಯಲ್ಲಿ 18 ತೋರಿಸಿದ ಭತ್ತ ಮರುದಿನ ಮಾರುಕಟ್ಟೆಯಲ್ಲಿ 20 ತೋರಿಸಿದಾಗ ಪ್ರತಿ ಬಾರಿಯೂ ಮೋಸವೇ ನಡೆದಿದೆ ಎಂದು ತೀರ್ಮಾನಿಸಲಾಗದು.

ಮಾದರಿ ತೆಗೆಯುವ ಕ್ರಮವೂ ಅಷ್ಟೇ ಮುಖ್ಯ. ಟ್ರಾಲಿಯ ಮೇಲ್ಪದರ ದಾರಿಯ ಗಾಳಿ ಬಿಸಿಲಿಗೆ ಆರಿರುತ್ತದೆ, ನಡುವೆ ಮತ್ತು ತಳದಲ್ಲಿ ಕಾವು ಕೂಡಿ ತೇವ ನಿಂತಿರುತ್ತದೆ. ಮೇಲಿನ ಹಿಡಿ ರೈತನಿಗೆ ಅನುಕೂಲ, ತಳದ ಹಿಡಿ ಕೊಳ್ಳುವವನಿಗೆ ಅನುಕೂಲ. ಚುಚ್ಚಿ ತೆಗೆಯುವ ಕೊಳವೆಯಿಂದ ಐದಾರು ಕಡೆ ಬೇರೆ ಬೇರೆ ಆಳದ ಕಾಳು ತೆಗೆದು, ಬೆರೆಸಿ, ಕೆಲ ನಿಮಿಷ ನೆರಳಲ್ಲಿಟ್ಟು, ಮೂರು ಬಾರಿ ಅಳೆದು ಸರಾಸರಿ ಹಿಡಿಯುವುದೇ ಇಬ್ಬರಿಗೂ ಸಲ್ಲುವ ದಾರಿ. ಮಾದರಿ ಪ್ರಕರಣದ ಭತ್ತವನ್ನು ಹೀಗೆ ಮತ್ತೊಂದು ಮಾಪಕದಲ್ಲಿ ಅಳೆದಾಗ ಸರಾಸರಿ 20 ಬಂತೆಂದರೆ ಕಡಿತ 217 ಕಿಲೋದಿಂದ 163 ಕಿಲೋಗೆ ಇಳಿಯುತ್ತದೆ, ಅಂದರೆ ರೈತ ಮೊದಲು ಒಪ್ಪಲು ಸಿದ್ಧನಿದ್ದ 180 ಕಿಲೋಗಿಂತಲೂ ಕಡಿಮೆ. ಆದ್ದರಿಂದ ಮರುಅಳತೆಯನ್ನು ಕೇಳುವುದು ಶೇಕಡಾವಾರಿನ ಚೌಕಾಶಿಗಿಂತ ಮೊದಲ ಹೆಜ್ಜೆಯಾಗಬೇಕು.

1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಅನಧಿಕೃತ ಕಡಿತಗಳಿಗೆ ಅವಕಾಶ ಕೊಡುವುದಿಲ್ಲ, ಗುಣಮಟ್ಟ ಮತ್ತು ತೂಕದ ವಿವಾದಗಳನ್ನು ಮಾರುಕಟ್ಟೆ ಸಮಿತಿಯ ಮುಂದೆ ತರಬಹುದು; ಕಾಟಾದ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು, ಎಲೆಕ್ಟ್ರಾನಿಕ್ ಕಾಟಾಕ್ಕೆ ಆ ಮುದ್ರೆ ವರ್ಷಕ್ಕೊಮ್ಮೆ ಹೊಸದಾಗಬೇಕು. ಆದರೆ ದೂರು ನಿಲ್ಲುವುದು ಚೀಟಿಯ ಮೇಲೆ. ಒಟ್ಟು ತೂಕ, ಖಾಲಿ ಚೀಲದ ತೂಕ, ಮಾಪಕದ ಓದು, ಆಧಾರ ತೇವಾಂಶ, ಕಡಿತದ ಕಿಲೋ ಇಷ್ಟೂ ಬೇರೆ ಬೇರೆಯಾಗಿ ಬರೆದಿದ್ದರೆ ಯಾರು ಬೇಕಾದರೂ ಲೆಕ್ಕವನ್ನು ಮರುಪರೀಕ್ಷಿಸಬಹುದು. ಸೂಟು 360 ಎಂದು ಒಂದೇ ಸಾಲಿದ್ದರೆ ಅದರಲ್ಲಿ ನೀರೆಷ್ಟು, ಜೊಳ್ಳೆಷ್ಟು, ಚೀಲವೆಷ್ಟು ಎಂದು ಬಿಡಿಸಲು ಯಾವ ಸಮಿತಿಗೂ ಸಾಧ್ಯವಿಲ್ಲ. ಭತ್ತ ಬೆರೆತು ಗಿರಣಿಯ ರಾಶಿಗೆ ಸೇರಿದ ಮೇಲೆ ಮರುಅಳತೆಯ ಪ್ರಶ್ನೆಯೇ ಉಳಿಯುವುದಿಲ್ಲವಾದ್ದರಿಂದ, ಎರಡೂ ಕಡೆಯವರ ಸಹಿ ಹಾಕಿದ ಒಂದು ಕಿಲೋ ಮಾದರಿಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಲೇಸು. ಬಟ್ಟೆಯ ಗಂಟಿನಲ್ಲಿಟ್ಟರೆ ಅದು ಒಣಗಿ ಸಾಕ್ಷ್ಯವೇ ಬದಲಾಗುತ್ತದೆ.

ಇದೇ ಸೂತ್ರಕ್ಕೆ ಇನ್ನೊಂದು ಮುಖವಿದೆ, ಅದನ್ನು ಕಾಟಾದ ಮುಂದೆ ಯಾರೂ ಎತ್ತುವುದಿಲ್ಲ. ಆಧಾರ 17 ಆಗಿರುವ ವ್ಯಾಪಾರಕ್ಕೆ ರೈತ ಶೇ. 13ಕ್ಕೆ ಒಣಗಿಸಿದ 4,500 ಕಿಲೋ ಭತ್ತ ತಂದರೆ, ನಾಲ್ಕು ಪಾಯಿಂಟ್ ಕೆಳಗಿರುವ ಅವನ ಭತ್ತ ಶೇ. 17ರ ಲೆಕ್ಕದಲ್ಲಿ 217 ಕಿಲೋ ಹೆಚ್ಚು ತೂಗಬೇಕು. 21ಕ್ಕೆ ಕಳೆದಷ್ಟೇ 13ಕ್ಕೆ ಕೂಡಿಸಬೇಕು. ಮಾರುಕಟ್ಟೆ ಕಳೆಯುತ್ತದೆ, ಕೂಡಿಸುವುದಿಲ್ಲ. ತಿಂಗಳುಗಟ್ಟಲೆ ಸಂಗ್ರಹಿಸುವ ಭತ್ತಕ್ಕೆ ಶೇ. 14 ಅಥವಾ ಅದಕ್ಕಿಂತ ಕಡಿಮೆ ತೇವಾಂಶ ಬೇಕೇ ಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆದರೆ ವಾರದೊಳಗೆ ಬೆಂಬಲ ಬೆಲೆಗೆ ಮಾರುವ ಭತ್ತವನ್ನು ತಾಡಪತ್ರಿಯ ಮೇಲೆ ತೆಳುವಾಗಿ ಹರವಿ, ಆಗಾಗ ಕೈಯಾಡಿಸಿ, ಹದಿನಾರು ಹದಿನೇಳರ ಆಸುಪಾಸಿನಲ್ಲಿ ನಿಲ್ಲಿಸಿದರೆ ಸಾಕು. ಹದ ತಿಳಿಯಲು ಮಾಪಕವಿಲ್ಲದವರು ಒಣ ಗಾಜಿನ ಬಾಟಲಿಗೆ ಒಂದಿಷ್ಟು ಕಾಳು ಮತ್ತು ಚೆನ್ನಾಗಿ ಒಣಗಿದ ಉಪ್ಪು ಹಾಕಿ ಕೆಲ ನಿಮಿಷ ಅಲುಗಿಸಿ ಬಿಡಬಹುದು: ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ, ಅಂಟದೆ ಉದುರಿದರೆ ಅದಕ್ಕಿಂತ ಕೆಳಗಿಳಿದಿದೆ. ಉಪ್ಪು ಉದುರಿದ ಮೇಲೂ ಒಣಗಿಸುತ್ತಾ ಹೋದ ಪ್ರತಿ ಪಾಯಿಂಟಿಗೆ ಆ ಟ್ರಾಲಿಯಿಂದ ಐವತ್ತು ಕಿಲೋಗೂ ಹೆಚ್ಚು ತೂಕ ಇಳಿಯುತ್ತದೆ, ಅದು ಯಾವ ಚೀಟಿಯಲ್ಲೂ ಕಾಣುವುದಿಲ್ಲ.