ಮಂಡ್ಯದಿಂದ ಮೈಸೂರಿಗೆ: ಕಿಲೋಮೀಟರೊಂದರ ಬೆಲೆ

ಮಂಡ್ಯದ ನನ್ನ ಮನೆಯ ಬಾಗಿಲಿನಿಂದ ಮೈಸೂರಿನ ಮೇಟಗಳ್ಳಿಯಲ್ಲಿ ನಾನು ದುಡಿಯುವ ಕಾರ್ಖಾನೆಯ ಬಾಗಿಲಿನವರೆಗೆ 46 ಕಿಲೋಮೀಟರು. ಈ ದಾರಿಯನ್ನು ಬೈಕಿನಲ್ಲಿಯೂ, ಸರ್ಕಾರಿ ಬಸ್ಸಿನಲ್ಲಿಯೂ, ರೈಲಿನಲ್ಲಿಯೂ, ಇವು ಇಳಿಸಿಬಿಟ್ಟ ಸ್ಥಳದಿಂದ ಮುಂದಕ್ಕೆ ಶೇರ್ ಆಟೋದಲ್ಲಿಯೂ ಬಹುಕಾಲದಿಂದ ಕ್ರಮಿಸುತ್ತ ಬಂದ ನಾನು, ಸಂಬಳದಲ್ಲಿ ಎಷ್ಟು ಪಾಲು ರಸ್ತೆಗೆ ಸಲ್ಲುತ್ತಿದೆಯೆಂಬುದನ್ನು ಅಂದಾಜಿನಿಂದಲ್ಲದೆ ಅಂಕಿಗಳಿಂದಲೇ ತಿಳಿಯಬೇಕೆಂದು ಸಂಕಲ್ಪಿಸಿ, ಒಂದು ತಿಂಗಳ ಕಾಲ ವಾರಕ್ಕೊಂದು ಬಗೆಯಾಗಿ ಪ್ರಯಾಣಮಾಡಿ, ಕೊಟ್ಟ ಪ್ರತಿಯೊಂದು ರೂಪಾಯಿಯನ್ನೂ ಬರೆದಿಟ್ಟೆನು. ತಿಂಗಳಿಗೆ 25 ದಿನದ ಕೆಲಸವೆಂದು ಹಿಡಿದರೆ ಹೋಗಿಬರುವ ದೂರ 2,300 ಕಿಲೋಮೀಟರಾಗುತ್ತದೆ. ಮುಂದಿನ ಲೆಕ್ಕವೆಲ್ಲವೂ ಈ ಒಂದು ಸಂಖ್ಯೆಯನ್ನೇ ಆಧರಿಸಿದೆ.

ಹೀಗೆ ಒಂದೇ ಸಂಖ್ಯೆಯಿಂದ ಭಾಗಿಸುವುದಕ್ಕೆ ಕಾರಣವಿದೆ. ರೈಲಿನ ಖರ್ಚನ್ನು ರೈಲು ಓಡಿದ ದೂರದಿಂದಲೂ, ಬಸ್ಸಿನದನ್ನು ಬಸ್ಸು ಓಡಿದ ದೂರದಿಂದಲೂ ಭಾಗಿಸಿದಲ್ಲಿ, ನಿಲ್ದಾಣದಿಂದ ಆಚೆಗಿನ ದಾರಿಯು ಯಾವ ಲೆಕ್ಕಕ್ಕೂ ಸೇರದೆ ಉಳಿದುಹೋಗುತ್ತದೆ. ನಮ್ಮ ಅಗತ್ಯವಾದರೋ ಮನೆಯಿಂದ ಕೆಲಸದ ಸ್ಥಳವನ್ನು ಮುಟ್ಟುವುದೇ ಹೊರತು ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣವನ್ನು ಮುಟ್ಟುವುದಲ್ಲ.

ಮೊದಲು ಬೈಕು. ನಮ್ಮಲ್ಲಿ ಬೈಕಿನ ಖರ್ಚನ್ನು ಕೇಳಿದರೆ ಎಲ್ಲರೂ ಪೆಟ್ರೋಲಿನ ಖರ್ಚನ್ನೇ ಹೇಳುತ್ತಾರೆ. ಅದನ್ನಾದರೂ ಸರಿಯಾಗಿ ಅಳೆದು ಹೇಳುವವರು ವಿರಳ. ಅಳೆಯುವ ಕ್ರಮ ಬಹು ಸರಳವಾದುದು: ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಮೀಟರಿನ ಅಂಕಿಯನ್ನು ಗುರುತುಹಾಕಿಕೊಂಡು, ಕೆಲವು ದಿನ ಓಡಿಸಿದ ಮೇಲೆ ಅದೇ ಬಂಕಿನಲ್ಲಿ ಪುನಃ ಅದೇ ಮಟ್ಟಕ್ಕೆ ತುಂಬಿಸಿ, ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸಬೇಕು. ಮಾರಿದವರು ಹೇಳಿದ ಮೈಲೇಜು ಏನೇ ಇರಲಿ, ನನ್ನ ನೂರು ಸಿಸಿಯ ಗಾಡಿ ಈ ದಾರಿಯಲ್ಲಿ ಕೊಟ್ಟದ್ದು ಲೀಟರಿಗೆ 55. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ, ನಾವು ಸರ್ವಿಸ್ ರಸ್ತೆಯಲ್ಲಿ ಊರೂರಿನ ಉಬ್ಬುಗಳನ್ನು ಹತ್ತಿಳಿಯುತ್ತ, ಗೇರು ಬದಲಿಸುತ್ತ ಸಾಗಬೇಕಾಗುತ್ತದೆ. ಸಮವೇಗದಲ್ಲಿ ದೊರೆಯಬಹುದಾಗಿದ್ದ ಮೈಲೇಜು ಅಲ್ಲಿ ಕರಗುತ್ತದೆ. ಪೆಟ್ರೋಲು ಲೀಟರಿಗೆ 103 ರೂಪಾಯಿಯೆಂದು ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ 87 ಪೈಸೆ. ತಿಂಗಳಿಗೆ ಸುಮಾರು 4,300 ರೂಪಾಯಿ.

ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚುಗಳು ಕಿಲೋಮೀಟರಿನೊಡನೆಯೇ ಬೆಳೆಯುತ್ತವಾದರೂ ಬಹಳ ದಿನಗಳಿಗೊಮ್ಮೆ ಒಟ್ಟಾಗಿ ಬಂದು ನಿಲ್ಲುವುದರಿಂದ, ಅವುಗಳನ್ನು ನಾವು ಆಕಸ್ಮಿಕಗಳೆಂದು ಭಾವಿಸುತ್ತೇವೆ. 3,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾವಣೆ ಸಹಿತ ಸರ್ವಿಸ್ ಮಾಡಿಸಿದರೆ ಸುಮಾರು 1,200 ರೂಪಾಯಿ ಆಗುತ್ತದೆ. ಎಂದರೆ ಕಿಲೋಮೀಟರಿಗೆ 40 ಪೈಸೆ. ಟೈರುಗಳು ಮತ್ತು ಚೈನ್ ಸ್ಪ್ರಾಕೆಟ್ ಕಿಟ್ ಸೇರಿ ಇನ್ನೊಂದು 20 ಪೈಸೆ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆ ನನ್ನ ವರ್ಗದ ಗಾಡಿಗೆ ವರ್ಷಕ್ಕೆ 714 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಇದು ನನ್ನಷ್ಟು ಓಡಿಸುವವನಿಗೆ ಬರಿಯ 3 ಪೈಸೆ. ಎಲ್ಲಕ್ಕಿಂತ ದೊಡ್ಡದು ಗಾಡಿಯ ಸವಕಳಿ. 80,000 ರೂಪಾಯಿ ಕೊಟ್ಟು ಕೊಂಡ ಗಾಡಿ 80,000 ಕಿಲೋಮೀಟರು ಓಡಿದ ಮೇಲೆ 25,000ಕ್ಕೆ ಮಾರಾಟವಾಯಿತೆಂದರೆ, ನಡುವೆ ಕರಗಿದ 55,000 ರೂಪಾಯಿಯನ್ನು ಕಿಲೋಮೀಟರಿಗೆ 69 ಪೈಸೆಯಂತೆ ನಾವು ಅರಿಯದೆಯೇ ತೆತ್ತಿರುತ್ತೇವೆ. ಇವೆಲ್ಲವನ್ನೂ ಕೂಡಿಸಿದರೆ ಬೈಕಿನ ನಿಜವಾದ ವೆಚ್ಚ ಕಿಲೋಮೀಟರಿಗೆ 3 ರೂಪಾಯಿ 20 ಪೈಸೆಯ ಹತ್ತಿರಕ್ಕೆ ಬರುತ್ತದೆ. ತಿಂಗಳಿಗೆ 7,300 ರೂಪಾಯಿಗೂ ಮಿಗಿಲು. ಪೆಟ್ರೋಲಿಗೆಂದು ನಾವು ಹೇಳುವ ಮೊತ್ತಕ್ಕಿಂತ ಮೂರು ಸಾವಿರ ಹೆಚ್ಚು. ಅದೇ ಕಡೆಗೆ ಕೆಲಸಕ್ಕೆ ಹೋಗುವ ಜೊತೆಗಾರನೊಬ್ಬನನ್ನು ಹಿಂದೆ ಕೂರಿಸಿಕೊಂಡು ಖರ್ಚನ್ನು ಹಂಚಿಕೊಂಡರೆ ಇದು ಒಬ್ಬೊಬ್ಬರಿಗೆ 1 ರೂಪಾಯಿ 60 ಪೈಸೆಗೆ ಇಳಿಯುತ್ತದೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಬಸ್ಸಿನ ಲೆಕ್ಕ ಇಷ್ಟು ದೀರ್ಘವಲ್ಲ. ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದು ಕಿಲೋಮೀಟರು ನಡಿಗೆ; ಅಲ್ಲಿಂದ ಮೈಸೂರಿನ ರಿಂಗ್ ರಸ್ತೆ ಕೂಡುವ ವೃತ್ತದವರೆಗೆ 40 ಕಿಲೋಮೀಟರು ಬಸ್ಸು; ಅಲ್ಲಿ ಇಳಿದು ಕಾರ್ಖಾನೆಗೆ 5 ಕಿಲೋಮೀಟರು ಶೇರ್ ಆಟೋ. ಬಸ್ಸಿನ ಟಿಕೆಟ್ಟಿಗೆ 60, ಆಟೋಗೆ 20, ಒಟ್ಟು 80 ರೂಪಾಯಿ. ತಿಂಗಳಿಗೆ 4,000, ಕಿಲೋಮೀಟರಿಗೆ 1 ರೂಪಾಯಿ 74 ಪೈಸೆ. ಪೆಟ್ರೋಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವನಿಗೆ ಬಸ್ಸಿಗೂ ಬೈಕಿಗೂ ಹೆಚ್ಚಿನ ಅಂತರವೇ ಕಾಣದು, ಆದಕಾರಣ ಆತನು ಸ್ವಾತಂತ್ರ್ಯವನ್ನು ಬಯಸಿ ಬೈಕನ್ನೇ ಆರಿಸಿಕೊಳ್ಳುತ್ತಾನೆ. ಪೂರ್ಣ ವೆಚ್ಚವನ್ನು ಹಿಡಿದವನಿಗೆ ಮಾತ್ರ ಬಸ್ಸು ಬೈಕಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚೆಂಬುದು ಗೋಚರಿಸುತ್ತದೆ.

ಆದರೆ ಈ ಬಸ್ಸಿನ ಲೆಕ್ಕದೊಳಗೇ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೊಂದಿತ್ತು. ಬಸ್ಸು ಕಿಲೋಮೀಟರಿಗೆ ಒಂದೂವರೆ ರೂಪಾಯಿ ತೆಗೆದುಕೊಂಡರೆ, 5 ಕಿಲೋಮೀಟರಿಗೆ 20 ರೂಪಾಯಿ ಪಡೆವ ಶೇರ್ ಆಟೋ ಕಿಲೋಮೀಟರಿಗೆ 4 ರೂಪಾಯಿ ತೆಗೆದುಕೊಳ್ಳುತ್ತದೆ. ಸವಕಳಿಯನ್ನೆಲ್ಲ ಸೇರಿಸಿದ ಬೈಕಿಗಿಂತಲೂ ಅದು ದುಬಾರಿ. ಕೊಡುವಾಗ ಎರಡು ಹತ್ತರ ನೋಟುಗಳಷ್ಟೇ ಆದ್ದರಿಂದ ಅದು ಯಾರ ಮನಸ್ಸಿಗೂ ಭಾರವೆನಿಸುವುದಿಲ್ಲ. ಆಟೋದವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಸೀಟು ತುಂಬುವವರೆಗೆ ಕಾಯುವ ಹೊತ್ತು, ಬರುವಾಗ ಖಾಲಿಯಾಗಿ ಬರಬೇಕಾದ ದಾರಿ, ನಡುದಾರಿಯಲ್ಲಿ ಇಳಿದವರ ತೆರವಾದ ಸೀಟು, ಇವೆಲ್ಲವನ್ನೂ ಆ 20 ರೂಪಾಯಿಯಿಂದಲೇ ಅವರು ತೂಗಿಸಬೇಕು.

ಇನ್ನು ರೈಲು. ಮಂಡ್ಯದಿಂದ ಎಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿಗಳ ಮೇಲೆ ಮೈಸೂರಿಗೆ ಹೋಗುವ ಈ ಹಾದಿಯಲ್ಲಿ ಎರಡನೆಯ ದರ್ಜೆಯ ಮಾಸಿಕ ಪಾಸಿನ ಬೆಲೆ 300 ರೂಪಾಯಿಯ ಒಳಗೇ ಇದೆ; ಲೆಕ್ಕದ ಅನುಕೂಲಕ್ಕೆ 300 ಎಂದೇ ಹಿಡಿಯೋಣ. ರೈಲಿನ ದೂರವೊಂದನ್ನೇ ತೆಗೆದುಕೊಂಡರೆ ಕಿಲೋಮೀಟರಿಗೆ 13 ಪೈಸೆಯಷ್ಟೇ ಬೀಳುತ್ತದೆ. ಎಕ್ಸ್‌ಪ್ರೆಸ್ ಗಾಡಿಯ ಬಿಡಿ ಟಿಕೆಟ್ಟಿಗೆ 30 ರೂಪಾಯಿ ಹಿಡಿದರೆ ಐದು ದಿನ ಹೋಗಿಬರುವುದರೊಳಗೆ ಪಾಸಿನ ಹಣ ತೀರುತ್ತದೆ; ಮಿಕ್ಕ ದಿನಗಳ ಪ್ರಯಾಣಕ್ಕೆ ಬೆಲೆಯೇ ಇಲ್ಲ. ಆದುದರಿಂದಲೇ ತಿಂಗಳಲ್ಲಿ ಹೆಚ್ಚು ದಿನ ಹೋಗುವವನಿಗೆ ರೈಲಿನ ಕಿಲೋಮೀಟರು ಅಗ್ಗವಾಗುತ್ತ ಹೋಗುತ್ತದೆ. ಬೈಕಿನದೂ ಬಸ್ಸಿನದೂ ಹಾಗಾಗುವುದಿಲ್ಲ. ಪಾಸಿಗೆ ಕೆಲವು ಕಟ್ಟುಪಾಡುಗಳುಂಟು. ಕಾಯ್ದಿರಿಸಿದ ಬೋಗಿಯಲ್ಲಿ ಅದು ನಡೆಯುವುದಿಲ್ಲ. ಸೂಪರ್‌ಫಾಸ್ಟ್ ಗಾಡಿಯನ್ನು ಹತ್ತಬೇಕಾದರೆ ಹೆಚ್ಚಿನ ಶುಲ್ಕ ಸಲ್ಲಿಸಬೇಕು. ಇದನ್ನು ಅರಿಯದೆ ಸ್ಲೀಪರ್ ಬೋಗಿಯಲ್ಲಿ ಕುಳಿತವನು ತೆರುವ ಒಂದು ದಂಡದಿಂದ ತಿಂಗಳ ಪಾಸಿನ ಲಾಭದಲ್ಲಿ ಒಂದು ಪಾಲು ಹೋದೀತು.

ಮಂಡ್ಯದಲ್ಲಿ ನಿಲ್ದಾಣಕ್ಕೆ ನಾನು ನಡೆದೇ ಹೋಗುತ್ತೇನೆ. ಮೈಸೂರು ನಿಲ್ದಾಣದಿಂದ ಕೆ.ಆರ್.ಎಸ್. ರಸ್ತೆಯ ಮೇಲೆ ಮೇಟಗಳ್ಳಿಗೆ ಶೇರ್ ಆಟೋ, ಪುನಃ ಅದೇ 20 ರೂಪಾಯಿ. ತಿಂಗಳಿಗೆ ಪಾಸು 300, ಆಟೋ 1,000, ಒಟ್ಟು 1,300. ಕಿಲೋಮೀಟರಿಗೆ 57 ಪೈಸೆ. ಸಂಜೆಯ ಗಾಡಿ ಕೈತಪ್ಪಿ ಬಸ್ಸು ಹಿಡಿಯಬೇಕಾದ ಪ್ರಸಂಗಗಳು ರೈಲನ್ನು ನಂಬಿದವರಿಗೆ ತಪ್ಪಿದ್ದಲ್ಲ. ತಿಂಗಳಿಗೆ ನಾಲ್ಕು ಸಂಜೆ ಹೀಗಾಯಿತೆಂದಿಟ್ಟುಕೊಂಡರೂ 240 ರೂಪಾಯಿ ಹೆಚ್ಚಿ, ವೆಚ್ಚ 67 ಪೈಸೆಗೆ ಏರುತ್ತದೆಯಲ್ಲದೆ ಬಸ್ಸಿನ ಅರ್ಧವನ್ನೂ ಮುಟ್ಟುವುದಿಲ್ಲ. ರೈಲಿನಲ್ಲಿ ಮನೆಯಿಂದ ಕಾರ್ಖಾನೆಗೆ ಬೈಕಿಗಿಂತ ಅರ್ಧ ಗಂಟೆಯಷ್ಟು ಹೆಚ್ಚು ಹಿಡಿಯುತ್ತದೆಂಬುದು ನಿಜ. ಆದರೆ ಬೈಕಿನ ಮೇಲೆ ಕಳೆದ ಹೊತ್ತೆಲ್ಲವೂ ರಸ್ತೆಗೆ ಸೇರಿದ್ದು. ರೈಲಿನಲ್ಲಿ ಕುಳಿತ ಹೊತ್ತು ಓದಿಗೋ ನಿದ್ದೆಗೋ ಒದಗುತ್ತದೆ, ಸೀಟು ಸಿಕ್ಕಿದರೆ.

ಈ ಕೊನೆಯ ಲೆಕ್ಕವನ್ನು ಬಿಡಿಸಿ ನೋಡಿದಾಗ ನಾನು ಕಂಡುಕೊಂಡದ್ದು ಇಷ್ಟು: ರೈಲಿನಲ್ಲಿ ಹೋಗುವವನ ಖರ್ಚಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ರೈಲಿಗೆ ಸಲ್ಲುವುದೇ ಇಲ್ಲ, ಕಟ್ಟಕಡೆಯ 5 ಕಿಲೋಮೀಟರಿಗೆ ಸಲ್ಲುತ್ತದೆ. ನನ್ನೊಡನೆ ದುಡಿಯುವ ಅಕ್ಕನೊಬ್ಬರು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಪ್ರಯೋಜನ ಪಡೆದು ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತಾರೆ. ಬಸ್ಸಿಗೆ ಅವರು ಏನನ್ನೂ ಕೊಡಬೇಕಾಗಿಲ್ಲವಾದ್ದರಿಂದ ಅವರ ತಿಂಗಳ ಖರ್ಚು ಆಟೋದ 1,000 ರೂಪಾಯಿ ಮಾತ್ರ. ಕಿಲೋಮೀಟರಿಗೆ 43 ಪೈಸೆ, ನನ್ನ ರೈಲಿಗಿಂತಲೂ ಕಡಿಮೆ. ನನ್ನ ಅಂಕಿಗಳನ್ನು ತೋರಿಸಿದಾಗ ಅವರು, “ಬಸ್ಸು ಪುಕ್ಕಟೆ ಅಂತ ಎಲ್ರೂ ಹೇಳ್ತಾರಲ್ಲಪ್ಪಾ, ಆಟೋಗೆ ಸಾವಿರ ಹೋಗೋದು ಮಾತ್ರ ಯಾರ ಕಣ್ಣಿಗೂ ಬೀಳಲ್ಲ” ಎಂದರು. ನನಗೂ ಅವರಿಗೂ ದರಗಳು ಬೇರೆ, ವಾಹನಗಳು ಬೇರೆ, ಆದರೆ ಹಣ ಸೋರುವ ಸ್ಥಳ ಒಂದೇ.

ಇದನ್ನು ಮನಗಂಡ ಮೇಲೆ ಹಳೆಯ ಸೈಕಲ್ಲೊಂದನ್ನು 2,500 ರೂಪಾಯಿಗೆ ಕೊಂಡು ಮೈಸೂರಿನಲ್ಲಿ ನಿಲ್ದಾಣದ ಸಮೀಪದ ಬಂಧುಗಳ ಮನೆಯಲ್ಲಿ ಇರಿಸಿದೆನು. ಬೆಳಿಗ್ಗೆ ಅದರಲ್ಲಿ ಮೇಟಗಳ್ಳಿಗೆ ಹೋಗಿ ಸಂಜೆ ಅದರಲ್ಲಿಯೇ ಹಿಂದಿರುಗುತ್ತೇನೆ. ಆಟೋ ತುಂಬುವುದಕ್ಕೆ ಕಾಯುವ ಹೊತ್ತು ಉಳಿಯುವುದರಿಂದ ಒಟ್ಟು ಸಮಯದಲ್ಲಿ ವ್ಯತ್ಯಾಸವೇನೂ ಆಗಿಲ್ಲ. ಸೈಕಲ್ಲಿನ ಬೆಲೆ ಮೂರು ತಿಂಗಳೊಳಗೆ ಆಟೋ ಖರ್ಚಿನ ಉಳಿತಾಯದಿಂದಲೇ ತೀರಿತು. ಮಳೆಯ ದಿನಗಳಲ್ಲಿ ಆಟೋವೇ ಗತಿ, ರಾತ್ರಿ ಪಾಳಿಯ ವಾರದಲ್ಲಿ ಬೈಕೇ ಗತಿ. ಬೈಕನ್ನು ಮಾರಿಲ್ಲವಾದ್ದರಿಂದ ಅದರ ವಿಮೆ ತಪ್ಪಿಲ್ಲ, ನಿಂತಲ್ಲಿಯೇ ಅದರ ಬೆಲೆಯೂ ವರ್ಷವರ್ಷಕ್ಕೆ ಇಳಿಯುತ್ತಿದೆ. ಆದಕಾರಣ 7,300ಕ್ಕೂ 300ಕ್ಕೂ ಇರುವ ಅಂತರವೆಲ್ಲವೂ ನನ್ನ ಕೈಯಲ್ಲಿ ಉಳಿಯಿತೆಂದು ಹೇಳಲಾರೆ. ಪೆಟ್ರೋಲು, ಸರ್ವಿಸ್, ಟೈರುಗಳ ಪಾಲು ಮಾತ್ರ ನಿಶ್ಚಯವಾಗಿ ಉಳಿಯುತ್ತಿದೆ.

ಓದುಗರು ತಮ್ಮ ತಮ್ಮ ದಾರಿಗೆ ಇಂಥದೊಂದು ಲೆಕ್ಕವನ್ನು ಹಾಕಿಕೊಳ್ಳುವುದಾದರೆ ದೊಡ್ಡ ದೂರದ ಟಿಕೆಟ್ಟಿನಿಂದ ಆರಂಭಿಸದೆ, ಇಳಿದ ಮೇಲಿನ ದಾರಿಗೆ ದಿನವೂ ಕೊಡುವ ಚಿಲ್ಲರೆಯನ್ನು ಮೊದಲು ಬರೆದಿಡಿ.