ಹೋಗುವಾಗ 40, ಬರುವಾಗ 60: ಸರಾಸರಿ ಯಾಕೆ 50 ಅಲ್ಲ?

ಕಳೆದ ತಿಂಗಳು ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಗೆಳೆಯನೊಬ್ಬ ಒಂದು ಪ್ರಶ್ನೆಪತ್ರಿಕೆಯ ಫೋಟೋ ಹಾಕಿದ್ದ. ಬಸ್ಸಿನಲ್ಲಿ ಕೂತು ತೆಗೆದದ್ದು. ಒಂದು ಮೂಲೆಯಲ್ಲಿ ಅವನ ಹೆಬ್ಬೆರಳು, ನಡುವೆ ಕಾಗದ ಮಡಚಿದ ಗೆರೆ, ಮೇಲೆ ಕಿಟಕಿಯ ಬೆಳಕು. ಅದರಲ್ಲಿ ಕಾಣುತ್ತಿದ್ದದ್ದು ಮೂರು ಪ್ರಶ್ನೆಗಳು, 7, 8 ಮತ್ತು 9. ಮೂರೂ ಸರಾಸರಿ ವೇಗದ ಲೆಕ್ಕಗಳೇ, ಮೂರರಲ್ಲೂ ನಮ್ಮ ಕಡೆಯ ಊರುಗಳೇ. ಅರ್ಧ ಗಂಟೆಯಲ್ಲಿ ಗುಂಪಿನಲ್ಲಿ ಎರಡು ಪಕ್ಷಗಳಾದವು. ಆ ಮೂರು ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ಬಿಡಿಸಿ ತೋರಿಸುತ್ತೇನೆ.

7ನೇ ಪ್ರಶ್ನೆ ಹೀಗಿತ್ತು: ‘ಒಂದು ವಾಹನವು ಕಡೂರಿನಿಂದ ತರೀಕೆರೆಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂತಿರುಗುತ್ತದೆ. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು?’ ಉತ್ತರದ ಆಯ್ಕೆಗಳು 45, 48, 50, 52. ನಾನಿಲ್ಲಿ 60 ಎಂದು ಬರೆದಿದ್ದೇನೆ, ಆದರೆ ಫೋಟೋದಲ್ಲಿ ಆ ಅಂಕಿಯ ಮೇಲೆ ಬೆಳಕು ಬಿದ್ದು ಅದು 60 ಇರಬಹುದು, 80 ಇರಬಹುದು ಎನ್ನುವಂತಿತ್ತು. ಮೊದಲು ಅದನ್ನು ತೀರ್ಮಾನಿಸಬೇಕು. ಅದಕ್ಕೂ ಮೊದಲು ಲೆಕ್ಕ ಹೇಗೆ ನಡೆಯುತ್ತದೆ ಎಂದು ನೋಡೋಣ.

ಸರಾಸರಿ ವೇಗ ಎಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದಾಗ ಬರುವುದು. ಇದಕ್ಕಿಂತ ಬೇರೆ ಅರ್ಥ ಅದಕ್ಕಿಲ್ಲ. ನಮ್ಮ ಮನೆಯಲ್ಲಿ ಸರಾಸರಿಗೆ ‘ಔಸತ್’ ಅನ್ನುತ್ತೇವೆ. ಆ ಪದದ ಮೂಲದಲ್ಲೇ ‘ನಡು’ ಎಂಬ ಅರ್ಥ ಇದೆ. ಹಾಗಾಗಿ 40, 60 ಎಂದು ಕೇಳಿದ ಕೂಡಲೇ ಮನಸ್ಸು ನೇರವಾಗಿ ನಡುವಿನ 50ಕ್ಕೆ ಹೋಗುತ್ತದೆ. ಪ್ರಶ್ನೆ ಬರೆದವರಿಗೂ ಅದು ಗೊತ್ತು. ಅದಕ್ಕೇ 50ನ್ನು ಆಯ್ಕೆಗಳಲ್ಲಿ ಇಟ್ಟಿದ್ದಾರೆ.

ಪ್ರಶ್ನೆಯಲ್ಲಿ ದೂರ ಕೊಟ್ಟಿಲ್ಲ. ಕೊಡಬೇಕಾಗಿಯೂ ಇಲ್ಲ. ದೂರ ಎಷ್ಟೇ ಇದ್ದರೂ ಉತ್ತರ ಒಂದೇ ಬರುವುದರಿಂದ, 40ಕ್ಕೂ 60ಕ್ಕೂ ಸರಿಯಾಗಿ ಭಾಗವಾಗುವ ಒಂದು ಸಂಖ್ಯೆ ಇಟ್ಟುಕೊಂಡರೆ ಸಾಕು. 120 ಕಿ.ಮೀ. ಎಂದಿಟ್ಟುಕೊಳ್ಳಿ. (ಕಡೂರಿನಿಂದ ತರೀಕೆರೆ ಅಷ್ಟು ದೂರ ಎಲ್ಲಿದೆ ಎಂದು ಒಬ್ಬಳು ನಕ್ಕಳು. ಇಲ್ಲ, ಇದು ಲೆಕ್ಕದ ಅನುಕೂಲಕ್ಕೆ ಮಾತ್ರ.) ಹೋಗಲು 120 ÷ 40 = 3 ಗಂಟೆ, ಬರಲು 120 ÷ 60 = 2 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. 240 ÷ 5 = 48.

50 ಯಾಕೆ ತಪ್ಪು ಎಂಬುದು ಈ ಐದು ಗಂಟೆಗಳಲ್ಲೇ ಇದೆ. ವಾಹನ 40ರ ವೇಗದಲ್ಲಿ ಮೂರು ಗಂಟೆ ಓಡಿದೆ, 60ರ ವೇಗದಲ್ಲಿ ಎರಡೇ ಗಂಟೆ. ನಿಧಾನಕ್ಕೆ ಹೋದಾಗ ಅಷ್ಟೇ ದೂರಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಆದ್ದರಿಂದ ನಿಧಾನದ ವೇಗಕ್ಕೆ ಸರಾಸರಿಯಲ್ಲಿ ಹೆಚ್ಚು ತೂಕ. ಎರಡೂ ವೇಗಗಳಿಗೆ ಸಮ ತೂಕ ಕೊಟ್ಟರೆ ಮಾತ್ರ 50 ಬರುತ್ತದೆ. ಇಲ್ಲಿ ತೂಕ 3ಕ್ಕೆ 2. ನೀವೇ ನೋಡಿ: 40ನ್ನು 3ರಿಂದ, 60ನ್ನು 2ರಿಂದ ಗುಣಿಸಿ ಕೂಡಿಸಿ 5ರಿಂದ ಭಾಗಿಸಿದರೆ 48.

ಮೊದಲ ಪಿಯುಸಿ ಸಂಖ್ಯಾಶಾಸ್ತ್ರದಲ್ಲಿ ನಾವು ಓದುವ ಹಾರ್ಮೋನಿಕ್ ಮೀನ್, ಅಂದರೆ ಹರಾತ್ಮಕ ಮಾಧ್ಯ, ಇದೇ. ವೇಗಗಳನ್ನು ತಲೆಕೆಳಗು ಮಾಡಿ (1/40 ಮತ್ತು 1/60), ಅವುಗಳ ಸರಾಸರಿ ತೆಗೆದು, ಬಂದದ್ದನ್ನು ಮತ್ತೆ ತಲೆಕೆಳಗು ಮಾಡುವುದು. ತರಗತಿಯಲ್ಲಿ ಇದು ಸುಮ್ಮನೆ ಮಾಡಿದ ಸರ್ಕಸ್ಸಿನ ಹಾಗೆ ಕಾಣುತ್ತದೆ. ಆದರೆ 1/40 ಎಂದರೇನು? ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, ಗಂಟೆಯಲ್ಲಿ. 40ರ ವೇಗದಲ್ಲಿ ಒಂದು ಕಿ.ಮೀ.ಗೆ ಒಂದೂವರೆ ನಿಮಿಷ, 60ರಲ್ಲಿ ಒಂದು ನಿಮಿಷ. ದೂರ ಸಮ ಇರುವಾಗ ಈ ನಿಮಿಷಗಳ ಸರಾಸರಿಯನ್ನು ಧೈರ್ಯವಾಗಿ ತೆಗೆಯಬಹುದು: ಕಿ.ಮೀ.ಗೆ ಒಂದೂಕಾಲು ನಿಮಿಷ. 60 ನಿಮಿಷವನ್ನು ಒಂದೂಕಾಲರಿಂದ ಭಾಗಿಸಿದರೆ 48. ಎರಡು ವೇಗಗಳಿದ್ದಾಗ ಇದನ್ನೇ ಚಿಕ್ಕದಾಗಿ 2ab ÷ (a + b) ಎಂದು ಬರೆಯುತ್ತಾರೆ. 2 × 40 × 60 = 4800, ಭಾಗಿಸು 100, 48.

ಈಗ ಆ ಮಸುಕಾದ ಅಂಕಿಗೆ ಬರೋಣ. ಅದು 80 ಆಗಿದ್ದರೆ ಸರಿ ಉತ್ತರ 6400 ÷ 120, ಅಂದರೆ 53ಕ್ಕಿಂತ ಸ್ವಲ್ಪ ಹೆಚ್ಚು. ತಪ್ಪು ಮಾಡುವವರಿಗೆ ಬರುವ ಉತ್ತರ 60. ಎರಡೂ ಆಯ್ಕೆಗಳಲ್ಲಿ ಇಲ್ಲ. 60 ಆಗಿದ್ದರೆ ಸರಿ ಉತ್ತರ 48, ತಪ್ಪು ಉತ್ತರ 50, ಎರಡೂ ಇವೆ. ಆದ್ದರಿಂದ ಅದು 60. ಫೋಟೋದ ಲೆಕ್ಕಗಳಲ್ಲಿ ಈ ಉಪಾಯ ನನಗೆ ಹಲವು ಸಲ ಒದಗಿದೆ. ಆಯ್ಕೆ ಇರುವ ಪ್ರಶ್ನೆಯಲ್ಲಿ ಪ್ರಶ್ನೆ ಬರೆದವರು ಸರಿ ಉತ್ತರದ ಪಕ್ಕದಲ್ಲೇ ಬಲೆಯನ್ನೂ ಇಟ್ಟಿರುತ್ತಾರೆ, ಅವೆರಡೂ ಸೇರಿ ಮೂಲ ಅಂಕಿಯನ್ನು ಹೇಳಿಬಿಡುತ್ತವೆ.

ಆದರೆ 8ನೇ ಪ್ರಶ್ನೆಯಲ್ಲಿ ಈ ಉಪಾಯ ನಡೆಯಲಿಲ್ಲ. ‘ಒಬ್ಬನು ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವಾಗ ಅರ್ಧ’ ಎಂದು ಬಂದು, ಮುಂದಿನ ಪದ ಕಾಗದದ ಮಡಿಕೆಯೊಳಗೆ ಸೇರಿಹೋಗಿತ್ತು. ಆಮೇಲೆ ‘ಗಂಟೆಗೆ 30 ಕಿ.ಮೀ., ಉಳಿದ ಅರ್ಧ ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸಿದರೆ’ ಎಂದಿತ್ತು. ಆಯ್ಕೆಗಳಲ್ಲಿ 40 ಇದೆ, 45ಕೂಡ ಇದೆ. ಗುಂಪಿನಲ್ಲಿ ಹೆಚ್ಚು ಜಗಳವಾದದ್ದು ಇದರ ಮೇಲೆಯೇ.

ಮಡಿಕೆಯೊಳಗಿನ ಪದ ‘ದೂರ’ ಆಗಿದ್ದರೆ ಹರಾತ್ಮಕ ಮಾಧ್ಯ: 3600 ÷ 90 = 40. ಅದು ‘ಸಮಯ’ ಆಗಿದ್ದರೆ ಎರಡೂ ವೇಗಗಳಿಗೆ ಸಮಾನ ಹೊತ್ತು ಸಿಗುತ್ತದೆ, ಆಗ ಸಾಮಾನ್ಯ ಸರಾಸರಿಯೇ ಸರಿ: 45. ಒಂದು ಗಂಟೆ 30ರಲ್ಲಿ, ಇನ್ನೊಂದು ಗಂಟೆ 60ರಲ್ಲಿ ಹೋದರೆ 2 ಗಂಟೆಗೆ 90 ಕಿ.ಮೀ. ಆಗುತ್ತದೆ ಅಲ್ಲವೇ? ಆದ್ದರಿಂದ ‘ವೇಗದ ಲೆಕ್ಕ ಎಂದರೆ ಯಾವಾಗಲೂ ಹಾರ್ಮೋನಿಕ್ ಮೀನ್’ ಎಂದು ಉರು ಹೊಡೆದವರೂ ಇಲ್ಲಿ ಗೆಲ್ಲುವಂತಿಲ್ಲ. ಮೂಲ ಹಾಳೆ ನೋಡದೆ ಉತ್ತರ ಹೇಳಲು ಸಾಧ್ಯವೇ ಇಲ್ಲ. ಮರುದಿನ ಗೆಳೆಯ ಹಾಳೆಯನ್ನೇ ತಂದ. ಮಡಿಕೆ ಬಿಡಿಸಿದರೆ ‘ಅರ್ಧ ದೂರವನ್ನು’ ಎಂದಿತ್ತು. ಉತ್ತರ 40.

ವಾಣಿಜ್ಯದ ನಮಗೆ ಈ ವ್ಯತ್ಯಾಸ ಅಂಗಡಿಯಲ್ಲಿ ಇನ್ನೂ ಬೇಗ ಹೊಳೆಯುತ್ತದೆ. ಕಿಲೋಗೆ 40 ರೂಪಾಯಿಯ ಅಕ್ಕಿ ಮತ್ತು 60 ರೂಪಾಯಿಯ ಅಕ್ಕಿ ಹತ್ತು ಹತ್ತು ಕಿಲೋ ಕೊಂಡರೆ ಸರಾಸರಿ ಬೆಲೆ 50. ಆದರೆ ಎರಡಕ್ಕೂ ತಲಾ 1200 ರೂಪಾಯಿ ಹಾಕಿದರೆ ಮೊದಲನೆಯದು 30 ಕಿಲೋ, ಎರಡನೆಯದು 20 ಕಿಲೋ ಬರುತ್ತದೆ. 2400 ರೂಪಾಯಿಗೆ 50 ಕಿಲೋ, ಕಿಲೋಗೆ 48. ತೂಕ ಸಮವೋ, ಹಣ ಸಮವೋ ಎಂದು ಕೇಳದೆ ಯಾವ ವ್ಯಾಪಾರಿಯೂ ಸರಾಸರಿ ಹೇಳುವುದಿಲ್ಲ. ವೇಗದಲ್ಲೂ ಕೇಳಬೇಕಾದದ್ದು ಅದೇ, ಸಮವಾಗಿರುವುದು ದೂರವೋ ಸಮಯವೋ ಎಂದು.

ಇನ್ನೊಂದು ಮಾತು. 7ನೇ ಪ್ರಶ್ನೆಯಲ್ಲಿ ‘ಅದೇ ದಾರಿಯಲ್ಲಿ’ ಎಂಬ ಎರಡು ಪದಗಳಿವೆ. ಓದುವಾಗ ಎಲ್ಲರೂ ಅದನ್ನು ದಾಟಿ ಹೋಗುತ್ತಾರೆ, ಆದರೆ ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ. ಹೋಗಿ ಬಂದ ಮಾತ್ರಕ್ಕೆ ದೂರ ಸಮ ಆಗುವುದಿಲ್ಲ. ತರೀಕೆರೆಯಿಂದ ಅಜ್ಜಂಪುರಕ್ಕೆ ರಸ್ತೆಯಲ್ಲಿ ನೇರವಾಗಿ ಹೋಗಬಹುದು. ರೈಲಿನಲ್ಲಿ ವಾಪಸ್ ಬರುವವರು ಬೀರೂರು ಜಂಕ್ಷನ್ನಿಗೆ ಬಂದು ಅಲ್ಲಿ ಬದಲಿಸಬೇಕು. ಅಜ್ಜಂಪುರ ಇರುವುದು ಹುಬ್ಬಳ್ಳಿ ಕಡೆಯ ಮಾರ್ಗದಲ್ಲಿ, ತರೀಕೆರೆ ಇರುವುದು ಬೀರೂರಿನಿಂದ ಶಿವಮೊಗ್ಗಕ್ಕೆ ಒಡೆಯುವ ಮಾರ್ಗದಲ್ಲಿ. ಊರುಗಳು ಅವೇ ಎರಡು, ದೂರ ಮಾತ್ರ ಬೇರೆ. ಅಲ್ಲಿ 2ab ÷ (a + b) ಹಾಕಿದರೆ ಉತ್ತರ ತಪ್ಪು.

ದೂರಗಳು ಬೇರೆಯಾದರೆ ಏನು ಮಾಡಬೇಕು? ಸೂತ್ರ ಬಿಟ್ಟು ಗಡಿಯಾರ ಹಿಡಿಯಬೇಕು. ಕಡೂರಿನಿಂದ ತರೀಕೆರೆಗೆ 40ರಲ್ಲಿ, ಅಲ್ಲಿಂದ ಅಜ್ಜಂಪುರಕ್ಕೆ 60ರಲ್ಲಿ ಹೋದೆವು ಎನ್ನಿ. ಲೆಕ್ಕ ಸುಲಭವಾಗಲೆಂದು ಮೊದಲನೆಯದು 30 ಕಿ.ಮೀ., ಎರಡನೆಯದು 20 ಕಿ.ಮೀ. ಎಂದಿಟ್ಟುಕೊಳ್ಳೋಣ. ಮೊದಲನೆಯದಕ್ಕೆ 45 ನಿಮಿಷ, ಎರಡನೆಯದಕ್ಕೆ 20 ನಿಮಿಷ. 65 ನಿಮಿಷದಲ್ಲಿ 50 ಕಿ.ಮೀ., ಅಂದರೆ ಗಂಟೆಗೆ ಸುಮಾರು 46. ನಿಧಾನದ ಭಾಗ ಉದ್ದವಾಗಿದ್ದರಿಂದ 48ಕ್ಕಿಂತಲೂ ಕೆಳಗಿಳಿಯಿತು. ಗೂಡ್ಸ್ ಆಟೋ ಓಡಿಸುವ ನಮ್ಮ ಚಾಚಾಗೆ ಇದನ್ನು ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಬೀರೂರಲ್ಲಿ ಚಾ ಕುಡಿಯೋಕೆ ನಿಲ್ಲಿಸಿದ್ದು ಎಲ್ಲಿ ಸೇರಿಸಿದ್ದೀಯ?” ಪ್ರಶ್ನೆ ಸರಿಯಾಗಿಯೇ ಇದೆ. ನಿಂತ ಸಮಯವೂ ಒಟ್ಟು ಸಮಯದಲ್ಲಿ ಸೇರುತ್ತದೆ. 30 ಕಿ.ಮೀ. ಹೋಗಲು 45 ನಿಮಿಷ, ಬರಲು 30 ನಿಮಿಷ, ನಡುವೆ ಚಹಾಕ್ಕೆ 15 ನಿಮಿಷ ಎಂದಾದರೆ 60 ಕಿ.ಮೀ.ಗೆ ಒಂದೂವರೆ ಗಂಟೆ, ಸರಾಸರಿ 48ರಿಂದ 40ಕ್ಕೆ ಇಳಿಯಿತು. ನಿಂತಾಗ ವೇಗ ಸೊನ್ನೆ ಎಂದು ಅದನ್ನು ಸೂತ್ರದೊಳಗೆ ತುರುಕಲು ಹೋಗಬೇಡಿ, ಸೊನ್ನೆಯನ್ನು ತಲೆಕೆಳಗು ಮಾಡಲು ಆಗುವುದಿಲ್ಲ.

9ನೇ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ‘ಕಡೂರಿನಿಂದ ತರೀಕೆರೆಗೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದವನು, ಒಟ್ಟು ಸರಾಸರಿ ವೇಗ ಗಂಟೆಗೆ 60 ಕಿ.ಮೀ. ಆಗಬೇಕಾದರೆ ಅದೇ ದಾರಿಯಲ್ಲಿ ಯಾವ ವೇಗದಲ್ಲಿ ಹಿಂತಿರುಗಬೇಕು?’ ಆಯ್ಕೆಗಳು 60, 90, 120. ನಾಲ್ಕನೆಯದರ ಮೇಲೆ ಹೆಬ್ಬೆರಳು. ಗುಂಪಿನಲ್ಲಿ ಹೆಚ್ಚಿನವರು 90 ಅಂದರು, 30 ಮತ್ತು 90ರ ನಡು 60 ಎಂದು. ಪರೀಕ್ಷಿಸಿ ನೋಡಿ: 5400 ÷ 120 = 45. 120ರಲ್ಲಿ ಬಂದರೆ 48. ಗಂಟೆಗೆ 300ರಲ್ಲಿ ಬಂದರೂ 54 ಮತ್ತು ಸ್ವಲ್ಪ.

ಯಾಕೆ ಏರುವುದಿಲ್ಲ? ದೂರ 30 ಕಿ.ಮೀ. ಎಂದಿಟ್ಟುಕೊಂಡರೆ ಹೋಗಿಬರಲು 60 ಕಿ.ಮೀ. ಸರಾಸರಿ 60 ಬರಬೇಕಾದರೆ ಎಲ್ಲವೂ ಒಂದು ಗಂಟೆಯಲ್ಲಿ ಮುಗಿಯಬೇಕು. ಆದರೆ 30ರ ವೇಗದಲ್ಲಿ ತರೀಕೆರೆ ತಲುಪುವಷ್ಟರಲ್ಲೇ ಆ ಒಂದು ಗಂಟೆ ಪೂರ್ತಿ ಮುಗಿದಿದೆ. ವಾಪಸ್ ಬರಲು ಉಳಿದಿರುವುದು ಸೊನ್ನೆ ನಿಮಿಷ. ಹಾಳೆ ಬಂದ ದಿನ ಹೆಬ್ಬೆರಳಿನ ಕೆಳಗಿದ್ದ ನಾಲ್ಕನೆಯ ಆಯ್ಕೆಯನ್ನೂ ಓದಿದೆವು: ‘ಸಾಧ್ಯವಿಲ್ಲ’.